ಎಂಟು ಕಿಟಕಿ, ಒಂದು ಗಂಟೆ: ಟಿವಿ ಚರ್ಚೆಯಲ್ಲಿ ಸತ್ಯ ಪರಿಶೀಲನೆ ಎಲ್ಲಿ ಕಳೆದುಹೋಯಿತು?

ರಾತ್ರಿ ಪ್ರೈಮ್ ಟೈಮ್‌ನ ಒಂದು ಚರ್ಚಾ ಕಾರ್ಯಕ್ರಮವನ್ನು ಗಡಿಯಾರ ಇಟ್ಟುಕೊಂಡು ನೋಡೋಣ. ಅವಧಿ 60 ನಿಮಿಷ. ಗಂಟೆಗೆ 12 ನಿಮಿಷ ಮೀರಿ ಜಾಹೀರಾತು ಹಾಕುವಂತಿಲ್ಲ ಎನ್ನುತ್ತದೆ ಕೇಬಲ್ ಟಿವಿ ನಿಯಮ. ಸುದ್ದಿ ವಾಹಿನಿಗಳು ಈ ಮಿತಿಯನ್ನು ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದ್ದವು. ಸದ್ಯಕ್ಕೆ 12 ನಿಮಿಷವೇ ಇರಲಿ. ಶೀರ್ಷಿಕೆ ಸಂಗೀತ, ಮುಖ್ಯಾಂಶ, 'ಬ್ರೇಕ್ ನಂತರ ನೋಡಿ' ಎಂಬ ತುಣುಕುಗಳಿಗೆ ಇನ್ನೊಂದು 3 ನಿಮಿಷ ಕೊಡಿ. ಉಳಿಯಿತು 45. ನಿರೂಪಕರ ಆರಂಭದ ಭಾಷಣ, ನಡುನಡುವಿನ ಪ್ರಶ್ನೆ, ಗದರಿಕೆ ಎಲ್ಲ ಸೇರಿ 15 ನಿಮಿಷ ಎಂದುಕೊಂಡರೆ ಅತಿಥಿಗಳ ಪಾಲಿಗೆ 30. ಪರದೆಯ ಮೇಲಿನ ಕಿಟಕಿಗಳು ಎಂಟು. ಒಬ್ಬೊಬ್ಬರಿಗೆ ನಾಲ್ಕು ನಿಮಿಷವೂ ಸಿಗಲಿಲ್ಲ. ಅದೂ ಒಟ್ಟಿಗೆ ಸಿಗುವುದಿಲ್ಲ. ಮೂರು ಭಾಗಗಳಲ್ಲಿ ಒಂದೂಕಾಲು ನಿಮಿಷದಂತೆ ಹಂಚಿಹೋಗುತ್ತದೆ. ಯಾರೂ ಯಾರ ಮಾತಿಗೂ ಅಡ್ಡ ಬಾರದಿದ್ದರೆ ಮಾತ್ರ ಈ ಲೆಕ್ಕ.

ಒಂದು ಸರ್ಕಾರಿ ಆದೇಶದಲ್ಲಿ ಏನಿದೆ, ಏನಿಲ್ಲ ಎಂದು ಹೇಳಿ, ಅದರ ಪರಿಣಾಮವನ್ನು ವಿವರಿಸಲು ಒಂದೂಕಾಲು ನಿಮಿಷ ಸಾಲುವುದಿಲ್ಲ. 'ನೀವು ದೇಶದ್ರೋಹಿ' ಎನ್ನಲು ಎರಡು ಸೆಕೆಂಡು ಸಾಕು. ಆ ಆರೋಪಕ್ಕೆ ಉತ್ತರ ಕೊಡಲು ಮತ್ತೆ ಒಂದೂವರೆ ನಿಮಿಷ ಬೇಕು. ನಿರೂಪಕರ ಸ್ವಭಾವ, ಅತಿಥಿಯ ಸಂಸ್ಕಾರ ಇವೆಲ್ಲ ಆಮೇಲಿನ ಮಾತು. ಈ ಕಾಲದ ಲೆಕ್ಕವೇ ಆರೋಪ ಮಾಡುವವರ ಪರವಾಗಿದೆ.

ಹಾಗಾದರೆ ಎಂಟು ಜನ ಯಾಕೆ? ಮೂವರು ಇದ್ದರೆ ತಲಾ ಹತ್ತು ನಿಮಿಷ ಸಿಗುತ್ತಿತ್ತಲ್ಲ? ಮಧ್ಯಾಹ್ನದ ಸಂಪಾದಕೀಯ ಸಭೆಯಲ್ಲಿ ವಿಷಯ ನಿಗದಿಯಾದ ಮೇಲೆ ಅತಿಥಿಗಳನ್ನು ಹೊಂದಿಸುವ ಗೆಸ್ಟ್ ಕೋಆರ್ಡಿನೇಟರ್‌ಗೆ ಸಿಗುವುದು ಕೆಲವೇ ತಾಸು. ಒಬ್ಬರು ಕೊನೆ ಗಳಿಗೆಯಲ್ಲಿ ಬರುವುದಿಲ್ಲ, ಇನ್ನೊಬ್ಬರ ಇಂಟರ್‌ನೆಟ್ ಕೈಕೊಡುತ್ತದೆ, ಮತ್ತೊಬ್ಬರು ಬಂದರೂ ಸಪ್ಪೆಯಾಗಿ ಮಾತಾಡುತ್ತಾರೆ. ಹೆಚ್ಚು ಜನರನ್ನು ಕರೆಯುವುದು ಇದಕ್ಕೆಲ್ಲ ಒಂದು ಬಗೆಯ ವಿಮೆ. ಆದರೆ ಆಯ್ಕೆಯ ಮುಖ್ಯ ಹಂತ ಫೋನ್ ಕರೆಯಲ್ಲೇ ಮುಗಿದಿರುತ್ತದೆ. 'ಈ ವಿಷಯದಲ್ಲಿ ನಿಮ್ಮ ನಿಲುವೇನು?' ಎಂದು ಕೇಳಿದಾಗ 'ಇದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ, ಒಂದಕ್ಕೆ ಇನ್ನೂ ದಾಖಲೆ ಸಿಕ್ಕಿಲ್ಲ' ಎನ್ನುವ ತಜ್ಞರ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ. 'ಸಂಪೂರ್ಣ ವಿರೋಧಿಸುತ್ತೇನೆ' ಎಂದವರು ಉಳಿಯುತ್ತಾರೆ. ವಿಷಯ ಬಲ್ಲವರು ಟಿವಿಯಲ್ಲಿ ಯಾಕೆ ಕಾಣುವುದಿಲ್ಲ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಇನ್ನು ಕೂಗಾಟ. ಅದರಲ್ಲಿ ದೊಡ್ಡ ಪಾಲು ಧ್ವನಿ ವ್ಯವಸ್ಥೆಯದು ಎಂಬುದು ನೋಡುಗರಿಗೆ ಅಷ್ಟಾಗಿ ತಿಳಿಯದ ಸಂಗತಿ. ಎದುರುಬದುರು ಕೂತ ಇಬ್ಬರ ಮಾತಿನ ನಡುವಿನ ಬಿಡುವು ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗದಷ್ಟು. ಅಷ್ಟು ಸಣ್ಣ ಸಂದಿಯಲ್ಲಿ ನಾವು ಮಾತು ತೆಗೆದುಕೊಳ್ಳುತ್ತೇವೆ, ಬಿಟ್ಟುಕೊಡುತ್ತೇವೆ. ಮನೆಯಿಂದ ವಿಡಿಯೊ ಕರೆಯಲ್ಲಿ ಸೇರಿದ ಅತಿಥಿಗೆ ಸ್ಟುಡಿಯೊದ ಧ್ವನಿ ಅರ್ಧ ಸೆಕೆಂಡೋ ಒಂದು ಸೆಕೆಂಡೋ ತಡವಾಗಿ ಮುಟ್ಟುತ್ತದೆ. ಅವರ ಧ್ವನಿ ಸ್ಟುಡಿಯೊಗೆ ಬರಲು ಮತ್ತೆ ಅಷ್ಟೇ ತಡ. ಫೋನ್ ಸಂಭಾಷಣೆಗೆ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡಿನೊಳಗೆ ಇರಬೇಕು, 400 ಮೀರಬಾರದು ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಅದನ್ನು ದಾಟಿದ ಕರೆಯಲ್ಲಿ ಅತಿಥಿಯ ಕಿವಿಗೆ 'ಈಗ ಬಿಡುವಿದೆ' ಎಂದು ಕೇಳಿಸುವ ಹೊತ್ತಿಗೆ ಸ್ಟುಡಿಯೊದಲ್ಲಿ ಆ ಬಿಡುವು ಮುಚ್ಚಿಹೋಗಿರುತ್ತದೆ. ಸೌಜನ್ಯದಿಂದ ಕಾಯುವವರಿಗೆ ಸರದಿ ಬರುವುದೇ ಇಲ್ಲ. ಬಿಡುವಿಗೆ ಕಾಯದೆ ಒಂದೇ ಸಮ ಮಾತಾಡುತ್ತಾ ಹೋಗುವವರಿಗೆ ಮಾತ್ರ ಜಾಗ ಸಿಗುತ್ತದೆ. ಜೊತೆಗೆ ಇಯರ್‌ಪೀಸ್‌ನಲ್ಲಿ ಉಳಿದ ಏಳು ಜನರ ಧ್ವನಿಯೂ ಬರುತ್ತಿದ್ದರೆ, ಗದ್ದಲದಲ್ಲಿ ತಾನಾಗಿ ದನಿ ಏರಿಸುವ ಮನುಷ್ಯ ಸಹಜ ಪ್ರತಿಕ್ರಿಯೆ ಕೆಲಸ ಮಾಡುತ್ತದೆ. ಸಭ್ಯರೂ ಕೂಗುತ್ತಾರೆ, ತಾವು ಕೂಗುತ್ತಿದ್ದೇವೆ ಎಂಬ ಅರಿವೂ ಅವರಿಗಿರುವುದಿಲ್ಲ.

ಇದನ್ನು ತಡೆಯುವುದು ಕಷ್ಟವೇ? ಇಲ್ಲ. ನಿಯಂತ್ರಣ ಕೊಠಡಿಯ ಧ್ವನಿ ಮಿಕ್ಸರ್‌ನಲ್ಲಿ ಪ್ರತಿ ಅತಿಥಿಗೂ ಫೇಡರ್ ಎಂಬ, ಧ್ವನಿ ಏರಿಸಿ ಇಳಿಸುವ ಒಂದು ಜಾರುಗುಂಡಿ ಇರುತ್ತದೆ. ಮಾತಾಡುವವರದ್ದೊಂದನ್ನು ಮೇಲಿಟ್ಟು ಉಳಿದವನ್ನು ಇಳಿಸಿದರೆ ಕಿಟಕಿಗಳಲ್ಲಿ ಬಾಯಿ ಆಡುವುದು ಕಾಣುತ್ತದೆ, ಸದ್ದು ಬರುವುದಿಲ್ಲ. ಆ ಹಿಡಿತ ವಾಹಿನಿಯ ಕೈಯಲ್ಲಿದೆಯೋ ಇಲ್ಲವೋ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ನಿರೂಪಕರು ದನಿಯೆತ್ತಿದ ಕ್ಷಣದಲ್ಲಿ ಉಳಿದವರ ಧ್ವನಿ ತಟ್ಟನೆ ಹಿಂದೆ ಸರಿಯುತ್ತದೆಯೇ ಗಮನಿಸಿ. ಸರಿದರೆ, ಯಾರೋ ಫೇಡರ್ ಇಳಿಸಿದ್ದಾರೆ ಅಥವಾ ಯಂತ್ರವೇ ಇಳಿಸುವಂತೆ ಹೊಂದಿಸಿದ್ದಾರೆ. ಅದೇ ಕೈ ಇಬ್ಬರು ಅತಿಥಿಗಳು ಒಟ್ಟಿಗೆ ಕೂಗುವಾಗ ಸುಮ್ಮನಿದ್ದರೆ ಅದು ಅಸಹಾಯಕತೆಯಲ್ಲ, ನಿರ್ಧಾರ.

ಆ ನಿರ್ಧಾರದ ಹಿಂದಿನ ಕಾರಣ ಟಿಆರ್‌ಪಿ ಎಂದು ಎಲ್ಲರೂ ಹೇಳುತ್ತಾರೆ. ಟಿಆರ್‌ಪಿ ಇದ್ದರೆ ಕೂಗಾಟವೇ ಯಾಕೆ ಆಗಬೇಕು, ಒಳ್ಳೆಯ ಕಾರ್ಯಕ್ರಮಕ್ಕೂ ಟಿಆರ್‌ಪಿ ಬರಬಹುದಲ್ಲ ಎಂಬುದಕ್ಕೆ ಉತ್ತರ ಅಳತೆಯ ರೀತಿಯಲ್ಲಿದೆ. ಭಾರತದಲ್ಲಿ ಈ ಅಳತೆ ಮಾಡುವುದು ಬಾರ್ಕ್ ಎಂಬ ಸಂಸ್ಥೆ. ವಾಹಿನಿಯ ಧ್ವನಿಯಲ್ಲಿ ಕಿವಿಗೆ ಕೇಳದಂತೆ ಸೇರಿಸಿದ ಗುರುತನ್ನು ಆಯ್ದ ಮನೆಗಳಲ್ಲಿಟ್ಟ ಮೀಟರ್ ಹಿಡಿಯುತ್ತದೆ. 2022ರ ಹೊತ್ತಿಗೆ ಅಂಥ ಮನೆಗಳು ಸುಮಾರು 55,000 ಇದ್ದವು; ದೇಶದಲ್ಲಿ ಟಿವಿ ಇರುವ ಮನೆಗಳು ಸುಮಾರು 21 ಕೋಟಿ ಎಂಬುದು ಬಾರ್ಕ್‌ನದೇ 2020ರ ಅಂದಾಜು. ಒಂದು ಮೀಟರ್ ಮನೆ ಸರಾಸರಿ 3,800 ಮನೆಗಳ ಪರವಾಗಿ ಮಾತಾಡುತ್ತದೆ. ಧಾರಾವಾಹಿಗೆ ಈ ಮಾದರಿ ಸಾಕು. ಸುದ್ದಿಯ ನೋಡುಗರು ಅದಕ್ಕಿಂತ ತೀರಾ ಕಡಿಮೆ. ಒಂದು ನಿಮಿಷದಲ್ಲಿ ಸಾವಿರಕ್ಕೊಂದು ಮನೆ ನಿಮ್ಮ ವಾಹಿನಿಯನ್ನು ನೋಡುತ್ತಿದೆ ಎಂದುಕೊಂಡರೆ ಇಡೀ ಲೆಕ್ಕ ನಿಂತಿರುವುದು 55 ಮೀಟರ್‌ಗಳ ಮೇಲೆ. ಐದು ಮನೆ ಬೇರೆ ಕಡೆ ಹೋದರೆ ಶೇ 9 ಕುಸಿತ. ಒಂದು ರಾಜ್ಯ, ಒಂದು ಭಾಷೆಗೆ ಇಳಿದರೆ ಅಂಕಿ ಇನ್ನೂ ಸಣ್ಣದಾಗುತ್ತದೆ.

ಇನ್ನೂ ಮುಖ್ಯವಾದದ್ದು ಸರಾಸರಿ ತೆಗೆಯುವ ಬಗೆ. ಪ್ರತಿ ನಿಮಿಷದ ನೋಡುಗರನ್ನು ಕೂಡಿಸಿ ನಿಮಿಷಗಳಿಂದ ಭಾಗಿಸುತ್ತಾರೆ. ಹತ್ತು ಮನೆಗಳು ತಲಾ ಆರಾರು ನಿಮಿಷ ಇಣುಕಿ ಹೋದರೂ, ಒಂದು ಮನೆ ಇಡೀ ಗಂಟೆ ಕೂತು ನೋಡಿದರೂ ಬರುವ ಅಂಕಿ ಒಂದೇ. ಹಾಗಾಗಿ ರಿಮೋಟ್ ಒತ್ತುತ್ತಾ ಬಂದವರನ್ನು ಆರು ನಿಮಿಷ ನಿಲ್ಲಿಸಿದರೆ ಸಾಕು. ಕಾರ್ಯಕ್ರಮದ ಒಳರಚನೆ ಇದರಿಂದ ಬದಲಾಗುತ್ತದೆ. ಒಬ್ಬರು 37ನೇ ನಿಮಿಷದಲ್ಲಿ ಬಂದರೂ ತಕ್ಷಣ ಅರ್ಥವಾಗಬೇಕು. ಮೊದಲು ಹಿನ್ನೆಲೆ, ಆಮೇಲೆ ಸಾಕ್ಷ್ಯ, ಕೊನೆಗೆ ತೀರ್ಮಾನ ಎಂದು ಕಟ್ಟುತ್ತಾ ಹೋಗುವ ವಾದ 37ನೇ ನಿಮಿಷದಲ್ಲಿ ಬಂದವರಿಗೆ ಅರ್ಥವಾಗದು. ಜಗಳ ಯಾವ ನಿಮಿಷದಲ್ಲಿ ಬಂದವರಿಗೂ ಅರ್ಥವಾಗುತ್ತದೆ. ಪರದೆಯ ಮೇಲೆ ಒಂದೇ ಪ್ರಶ್ನೆ ಇಡೀ ಗಂಟೆ ಅಂಟಿಕೊಂಡಿರುವುದು, ನಿರೂಪಕರು ಅದನ್ನೇ ಹತ್ತು ಸಲ ಕೇಳುವುದು ಇದೇ ಕಾರಣಕ್ಕೆ. ಅದು ಉತ್ತರ ಪಡೆಯಲು ಕೇಳುವ ಪ್ರಶ್ನೆಯಲ್ಲ, ಹೊಸದಾಗಿ ಬಂದವರಿಗೆ ಹಾಕಿದ ಬೋರ್ಡು.

ಜಗಳ ನಿಜಕ್ಕೂ ಕಣ್ಣು ಸೆಳೆಯುತ್ತದೆಯೇ? ಅಮೆರಿಕದ ಸಂಶೋಧಕರಾದ ಡಯಾನಾ ಮಟ್ಜ್ ಮತ್ತು ಬೈರನ್ ರೀವ್ಸ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಟರಿಂದ ಒಂದೇ ರಾಜಕೀಯ ಚರ್ಚೆಯನ್ನು ಎರಡು ರೀತಿ ಮಾಡಿಸಿದ್ದರು. ವಾದಗಳು ಅವೇ. ಒಂದರಲ್ಲಿ ಸಭ್ಯವಾಗಿ, ಇನ್ನೊಂದರಲ್ಲಿ ಮಾತು ತಡೆದು, ಕಣ್ಣು ತಿರುಗಿಸಿ, ದನಿ ಏರಿಸಿ. ಒರಟು ಆವೃತ್ತಿ ನೋಡಿದವರಲ್ಲಿ ಉದ್ವೇಗ ಹೆಚ್ಚಿತ್ತು, ಅದು ಹೆಚ್ಚು ಮನರಂಜಕ ಎಂದೂ ಅನಿಸಿತು. ಆದರೆ ರಾಜಕಾರಣಿಗಳು ಮತ್ತು ವ್ಯವಸ್ಥೆಯ ಮೇಲಿನ ವಿಶ್ವಾಸ ಇಳಿದಿತ್ತು. ಮೊದಲನೆಯದು ಮೀಟರ್‌ಗೆ ಸಿಗುತ್ತದೆ. ಎರಡನೆಯದನ್ನು ಅಳೆಯುವ ಮೀಟರ್ ಯಾವ ಮನೆಯಲ್ಲೂ ಇಲ್ಲ.

ಆದರೆ ತಪ್ಪನ್ನೆಲ್ಲ ಟಿಆರ್‌ಪಿಯ ತಲೆಗೆ ಕಟ್ಟುವವರು 2020–22ರ ಅನುಭವವನ್ನು ಮರೆಯುತ್ತಾರೆ. ಮುಂಬೈ ಪೊಲೀಸರು ಟಿಆರ್‌ಪಿ ತಿರುಚಿದ ಆರೋಪ ಹೊರಿಸಿದ ಬಳಿಕ, 2020ರ ಅಕ್ಟೋಬರ್ ಮಧ್ಯದಲ್ಲಿ ಬಾರ್ಕ್ ಸುದ್ದಿ ವಾಹಿನಿಗಳ ಬಿಡಿ ಬಿಡಿ ರೇಟಿಂಗ್ ಪ್ರಕಟಿಸುವುದನ್ನೇ ನಿಲ್ಲಿಸಿತು. ಮತ್ತೆ ಶುರುವಾದದ್ದು 2022ರ ಮಾರ್ಚ್‌ನಲ್ಲಿ, ನಾಲ್ಕು ವಾರಗಳ ಸರಾಸರಿಯ ರೂಪದಲ್ಲಿ. ನಡುವಿನ ಸುಮಾರು 17 ತಿಂಗಳು ಗುರುವಾರ ಗುರುವಾರ ಬರುವ ಅಂಕಪಟ್ಟಿ ಇರಲಿಲ್ಲ. ಚರ್ಚೆಯ ಮಾದರಿ ಮಾತ್ರ ಬದಲಾಗಲಿಲ್ಲ. ಯಾಕೆಂದರೆ ಅದನ್ನು ಹಿಡಿದು ನಿಲ್ಲಿಸಿರುವ ಇನ್ನೊಂದು ಕಂಬವಿದೆ: ಖರ್ಚು.

ಒಂದು ಜಿಲ್ಲೆಯಲ್ಲಿ ಶಾಲೆ ಬಿಟ್ಟ ಮಕ್ಕಳ ಬಗ್ಗೆ ವರದಿ ಎಂದುಕೊಳ್ಳಿ. ವರದಿಗಾರ, ಕ್ಯಾಮೆರಾಮನ್ ಇಬ್ಬರೂ ಮೂರು ದಿನ ತಿರುಗಬೇಕು: ಶಾಲೆಯ ಹಾಜರಾತಿ ಪುಸ್ತಕ, ಬಿಇಒ ಕಚೇರಿ, ಮೂರ್ನಾಲ್ಕು ಮನೆಗಳು, ಅಧಿಕಾರಿಯ ಪ್ರತಿಕ್ರಿಯೆ. ಎಡಿಟಿಂಗ್‌ಗೆ ಅರ್ಧ ದಿನ. ಸಿಗುವುದು ಮೂರು ನಿಮಿಷದ ಸ್ಟೋರಿ. ಆರೂವರೆ ಆಳಿನ ದಿನಕ್ಕೆ ಮೂರು ನಿಮಿಷ. 45 ನಿಮಿಷ ತುಂಬಿಸಲು ಇಂಥ ಹದಿನೈದು ವರದಿ, ಅಂದರೆ ನೂರರ ಹತ್ತಿರ ಆಳಿನ ದಿನ ಬೇಕು. ಚರ್ಚೆಗೆ? ಸ್ಟುಡಿಯೊ, ತಾಂತ್ರಿಕ ಸಿಬ್ಬಂದಿ ಹೇಗೂ ಇದ್ದಾರೆ. ನಿರೂಪಕರು, ಒಬ್ಬ ಪ್ರೊಡ್ಯೂಸರ್, ಒಬ್ಬ ಕೋಆರ್ಡಿನೇಟರ್ ಒಂದು ದಿನ ದುಡಿದರೆ ಮುಗಿಯಿತು. ಪಕ್ಷದ ವಕ್ತಾರರಿಗೆ ಸಂಭಾವನೆ ಕೊಡಬೇಕಿಲ್ಲ. ಪರದೆಯ ಮೇಲೆ ಬರುವುದೇ ಅವರ ಕೆಲಸ. ವರದಿಗಾರರ ಸಂಖ್ಯೆ ಕಡಿಮೆಯಾದಷ್ಟೂ ಚರ್ಚೆಯ ಗಂಟೆಗಳು ಹೆಚ್ಚುತ್ತವೆ. ಚರ್ಚೆಯಿಂದಲೇ ಗಂಟೆಗಳು ತುಂಬುವಾಗ ಜಿಲ್ಲೆಗೆ ಹೊಸ ವರದಿಗಾರರನ್ನು ಕಳಿಸಲು ಕಾರಣವೂ ಉಳಿಯುವುದಿಲ್ಲ.

ಹಣದ ಉಳಿತಾಯಕ್ಕಿಂತ ದೊಡ್ಡ ಉಳಿತಾಯ ಇನ್ನೊಂದಿದೆ. ವರದಿಯಲ್ಲಿ ಒಂದು ತಪ್ಪು ಅಂಕಿ ಹೋದರೆ ಹೊಣೆ ವಾಹಿನಿಯದು. ಆದ್ದರಿಂದ ಡೆಸ್ಕ್‌ನಲ್ಲಿರುವವರು ಪ್ರಸಾರಕ್ಕೆ ಮೊದಲೇ ಕೇಳುತ್ತಾರೆ: ದಾಖಲೆ ಎಲ್ಲಿ, ಎದುರು ಪಕ್ಷದ ಮಾತು ಪಡೆದಿದ್ದೀರಾ? ಚರ್ಚೆಯಲ್ಲಿ ಅದೇ ಅಂಕಿಯನ್ನು ಅತಿಥಿ ಹೇಳುತ್ತಾರೆ. ಅದು 'ಅವರ ಅಭಿಪ್ರಾಯ'. ಎದುರು ಕಿಟಕಿಯವರು ಅಲ್ಲಗಳೆದರೆ 'ಎರಡೂ ಕಡೆಯ ಮಾತು ಕೊಟ್ಟಿದ್ದೇವೆ'. ಸುಳ್ಳು ಯಾವುದು, ನಿಜ ಯಾವುದು ಎಂದು ಪತ್ತೆ ಮಾಡುವ ಕೆಲಸ ಸುದ್ದಿಮನೆಯಿಂದ ಅತಿಥಿಯ ಹೆಗಲಿಗೆ, ಅಲ್ಲಿಂದ ನೋಡುಗರ ತಲೆಗೆ ಜಾರಿಹೋಯಿತು. ಪರದೆಯ ಕೆಳಗಿನ ಸಾಲಿನಲ್ಲಿ ಕಾಣುವ ಪ್ರಶ್ನಾರ್ಥಕ ಚಿಹ್ನೆ ಮಾಡುವುದೂ ಇದನ್ನೇ. 'ಹಿಂದೆ ವಿದೇಶಿ ಕೈವಾಡ' ಎಂದು ಬರೆದರೆ ಸಾಬೀತು ಮಾಡಬೇಕು. 'ಹಿಂದೆ ವಿದೇಶಿ ಕೈವಾಡ?' ಎಂದರೆ ಯಾರೂ ಏನನ್ನೂ ಹೇಳಿದಂತಾಗಲಿಲ್ಲ. ಸಾರ್ವಜನಿಕ ಹಿತದ ಪತ್ರಿಕೋದ್ಯಮ ಕುಸಿಯಿತು ಎನ್ನುವುದಾದರೆ ಅದು ಕುಸಿದದ್ದು ಈ ಜಾಗದಲ್ಲಿ. ಸದ್ದು ಅದರ ಮೇಲಿನ ಹೊದಿಕೆಯಷ್ಟೆ. ಪಿಸುದನಿಯಲ್ಲಿ ನಡೆಸಿದರೂ ಪರಿಶೀಲನೆ ಇಲ್ಲದ ಚರ್ಚೆ ಇಷ್ಟೇ ಪೊಳ್ಳು.

ನಮ್ಮ ರಾಜ್ಯದಿಂದಲೇ ಹುಟ್ಟಿದ ಒಂದು ವಿಷಯ ಚರ್ಚೆಯ ಕಿಟಕಿಗಳಲ್ಲಿ ಏನಾಯಿತು ನೋಡಿ. ಉಡುಪಿಯ ಕಾಲೇಜಿನಿಂದ ಶುರುವಾದ ಹಿಜಾಬ್ ವಿವಾದದಲ್ಲಿ ಸರ್ಕಾರ 2022ರ ಫೆಬ್ರವರಿ 5ರಂದು ಸಮವಸ್ತ್ರದ ಆದೇಶ ಹೊರಡಿಸಿತು. ಹೈಕೋರ್ಟ್ ಮಾರ್ಚ್ 15ರಂದು ಅರ್ಜಿಗಳನ್ನು ವಜಾ ಮಾಡಿತು. ದ್ವಿತೀಯ ಪಿಯು ಪರೀಕ್ಷೆ ಏಪ್ರಿಲ್ 22ಕ್ಕೆ ಶುರುವಾಗುವುದಿತ್ತು. ಏಪ್ರಿಲ್ ಮೊದಲ ವಾರದಲ್ಲಿ ಯಾವುದೇ ಸುದ್ದಿಮನೆ ಕೇಳಬೇಕಿದ್ದ ಪ್ರಶ್ನೆಗಳು ಕಣ್ಣೆದುರೇ ಇದ್ದವು. ಆದೇಶ ಕಾಲೇಜು ಅಭಿವೃದ್ಧಿ ಸಮಿತಿಗಳಿಗೆ ಕೊಟ್ಟ ಅಧಿಕಾರ ಎಷ್ಟು? ಪ್ರಾಯೋಗಿಕ ಪರೀಕ್ಷೆ ತಪ್ಪಿಸಿಕೊಂಡವರು ಎಷ್ಟು ಮಂದಿ, ಅವರಿಗೆ ಇನ್ನೊಂದು ಅವಕಾಶ ಉಂಟೇ? ಎಷ್ಟು ಜನ ವರ್ಗಾವಣೆ ಪತ್ರ ಪಡೆದಿದ್ದಾರೆ? ಹಿಜಾಬ್ ಪರ ಇರುವವರಿಗೂ ವಿರುದ್ಧ ಇರುವವರಿಗೂ ಬೇಕಾದ ಮಾಹಿತಿ ಇದು. ಕಾಲೇಜು ಕಾಲೇಜಿಗೆ ಹೋಗಿ ಲೆಕ್ಕ ಹಾಕದೆ ಸಿಗುವಂಥದ್ದಲ್ಲ.

ಅದೇ ವಾರ ಅಲ್ ಖೈದಾ ನಾಯಕ ಅಯ್ಮನ್ ಅಲ್ ಜವಾಹಿರಿ ಕರ್ನಾಟಕದ ವಿದ್ಯಾರ್ಥಿನಿಯೊಬ್ಬಳನ್ನು ಹೊಗಳಿದ ವಿಡಿಯೊ ಹೊರಬಂತು. ಏಪ್ರಿಲ್ 6ರಂದು ನ್ಯೂಸ್18 ಇಂಡಿಯಾ ಅದರ ಮೇಲೆ ಚರ್ಚೆ ನಡೆಸಿತು. ಹಿಜಾಬ್ ಪರ ಮಾತಾಡಿದ ಅತಿಥಿಗಳನ್ನೇ ಜವಾಹಿರಿಯ ಗುಂಪಿಗೆ ಜೋಡಿಸುವ ಮಾತುಗಳು ಅಲ್ಲಿ ಬಂದವು. ಸುದ್ದಿ ಪ್ರಸಾರಕರ ಸ್ವನಿಯಂತ್ರಣ ಪ್ರಾಧಿಕಾರವಾದ ಎನ್‌ಬಿಡಿಎಸ್‌ಎಗೆ ದೂರು ಹೋಯಿತು. ಇದು ನೀತಿಸಂಹಿತೆಯ ಉಲ್ಲಂಘನೆ ಎಂದ ಪ್ರಾಧಿಕಾರ 50,000 ರೂಪಾಯಿ ದಂಡ ಹಾಕಿ, ವಿಡಿಯೊ ತೆಗೆಯಲು ಹೇಳಿತು. ಆದೇಶ ಬಂದದ್ದು ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಪರೀಕ್ಷೆ ಮುಗಿದು, ಫಲಿತಾಂಶ ಬಂದು, ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟೂ ಆಗಿತ್ತು. ಆರು ತಿಂಗಳು ಆ ವಿಡಿಯೊ ಎಲ್ಲೆಲ್ಲಿ ತುಂಡಾಗಿ ಹರಿದಾಡಿತೋ ಅದನ್ನು ಹಿಂದಕ್ಕೆ ಕರೆಯುವ ದಾರಿ ಯಾರ ಬಳಿಯೂ ಇಲ್ಲ.

ಅತಿಥಿ ಹದ್ದು ಮೀರಿದರೆ ವಾಹಿನಿ ಏನು ಮಾಡಲಾಗುತ್ತದೆ ಎಂಬ ನೆಪವೂ ಉಳಿದಿಲ್ಲ. ನಟ ಸುಶಾಂತ್ ಸಿಂಗ್ ರಜಪೂತ್ ಸಾವಿನ ಪ್ರಸಾರದ ಕುರಿತು 2021ರ ಜನವರಿಯಲ್ಲಿ ತೀರ್ಪು ಕೊಟ್ಟ ಬಾಂಬೆ ಹೈಕೋರ್ಟ್, ಅಂಥ ಅತಿಥಿಯ ಧ್ವನಿಯನ್ನು ಮ್ಯೂಟ್ ಮಾಡುವ ಅಥವಾ ಕೆಲ ಸೆಕೆಂಡು ತಡವಾಗಿ ಪ್ರಸಾರ ಮಾಡುವ ವ್ಯವಸ್ಥೆಯನ್ನೇ ಸೂಚಿಸಿತ್ತು. ಅಂದರೆ ನ್ಯಾಯಾಲಯವೇ ಫೇಡರ್‌ನತ್ತ ಬೆರಳು ತೋರಿಸಿತ್ತು. ಇನ್ನು ದಂಡದ ಮೊತ್ತ. ಆಗ ಪ್ರಾಧಿಕಾರ ಹಾಕಬಹುದಾಗಿದ್ದ ಗರಿಷ್ಠ ದಂಡ ಒಂದು ಲಕ್ಷ ರೂಪಾಯಿ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಪ್ರಶ್ನಿಸಿ, ದಂಡವು ಆ ಕಾರ್ಯಕ್ರಮದಿಂದ ಬಂದ ಲಾಭಕ್ಕೆ ತಕ್ಕಂತೆ ಇರಬೇಕಲ್ಲವೇ ಎಂದು ಕೇಳಿತು. ಸರಿಯಾದ ಪ್ರಶ್ನೆ. ಆದರೆ ಲಾಭದ ಲೆಕ್ಕ ಒಂದು ಕಾರ್ಯಕ್ರಮಕ್ಕೆ ಅಂಟಿ ಕೂರುವುದಿಲ್ಲ. ಜಾಹೀರಾತು ಸಾಮಾನ್ಯವಾಗಿ ಮಾರಾಟವಾಗುವುದು ವಾಹಿನಿಯ ಇಡೀ ವೇಳಾಪಟ್ಟಿಗೆ. ಮೇಲಾಗಿ ಚರ್ಚೆಯ ದೊಡ್ಡ ಲಾಭ ಇರುವುದು ಮಾಡದೆ ಉಳಿಸಿದ ಖರ್ಚಿನಲ್ಲಿ.

ಸರ್ಕಾರಕ್ಕೇ ದಂಡದ ಅಧಿಕಾರ ಕೊಡಿ ಎನ್ನುವವರೂ ಇದ್ದಾರೆ. ಅದು ಬೇಡ. ಕೂಗಾಡುವ ವಾಹಿನಿಗೆ ಹಾಕಬಹುದಾದ ಬೀಗವನ್ನು, ಸರ್ಕಾರದ ಕಡತ ಹೊರಗೆಳೆದ ವಾಹಿನಿಗೂ ಹಾಕಬಹುದು. ಎರಡನೆಯದಕ್ಕೇ ಮೊದಲು ಹಾಕುವ ಸಾಧ್ಯತೆ ಹೆಚ್ಚು.

ಸದ್ಯಕ್ಕೆ ನೋಡುಗರ ಕೈಯಲ್ಲಿರುವುದು ದೂರು. 2021ರಲ್ಲಿ ತಿದ್ದುಪಡಿಯಾದ ಕೇಬಲ್ ಟಿವಿ ನಿಯಮದ ಪ್ರಕಾರ ಮೊದಲು ವಾಹಿನಿಗೇ ಬರೆಯಬೇಕು. ಅವರು 24 ಗಂಟೆಯಲ್ಲಿ ಸ್ವೀಕೃತಿ ಕೊಟ್ಟು, 15 ದಿನದಲ್ಲಿ ತೀರ್ಮಾನ ತಿಳಿಸಬೇಕು. ತೃಪ್ತಿಯಾಗದಿದ್ದರೆ ಮುಂದಿನ 15 ದಿನದೊಳಗೆ, ಆ ವಾಹಿನಿ ಸದಸ್ಯನಾಗಿರುವ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಅವರಿಗೆ 60 ದಿನ. ಎಲ್ಲ ವಾಹಿನಿಗಳೂ ಒಂದೇ ಸಂಸ್ಥೆಯ ಸದಸ್ಯರಲ್ಲ, ಹಾಗಾಗಿ ಯಾವುದೆಂದು ಮೊದಲೇ ನೋಡಿಕೊಳ್ಳಬೇಕು. ಎನ್‌ಬಿಡಿಎಸ್‌ಎ ವ್ಯಾಪ್ತಿಯ ವಾಹಿನಿಯಾದರೆ ಪ್ರಸಾರವಾದ ಏಳು ದಿನದೊಳಗೆ ಮೊದಲ ದೂರು ಹೋಗಿರುವುದು ಒಳ್ಳೆಯದು. 'ನಿರೂಪಕರು ತುಂಬಾ ಕೂಗಿದರು' ಎಂದು ಬರೆದರೆ ದೂರು ಅಲ್ಲೇ ಸಾಯುತ್ತದೆ; ಕೂಗುವುದನ್ನು ಅಳೆಯುವ ನಿಯಮವಿಲ್ಲ. ದಿನಾಂಕ, ಸಮಯ, ಎಷ್ಟನೇ ನಿಮಿಷ, ಪರದೆಯ ಮೇಲೆ ಯಾವ ಸಾಲಿತ್ತು, ಯಾವ ಮಾತು ಯಾವ ದಾಖಲೆಗೆ ವಿರುದ್ಧ, ನಿರೂಪಕರು ತಿದ್ದಿದರೇ ಅಥವಾ ತಾವೇ ಅದನ್ನು ಪುನರುಚ್ಚರಿಸಿದರೇ ಎಂದು ಬರೆದರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ವಿಡಿಯೊ ಅಂತರ್ಜಾಲದಿಂದ ಮಾಯವಾಗುವ ಮೊದಲು ಆ ಭಾಗದ ಪ್ರತಿ, ನಿಮಿಷ ಕಾಣುವ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅತಿಥಿಯ ಹೆಸರಿಗಿಂತ ನಿರೂಪಕರ ಮಾತು ಮತ್ತು ಪರದೆಯ ಸಾಲಿನ ಮೇಲೆ ದೂರನ್ನು ನಿಲ್ಲಿಸಿ: ಅವೆರಡನ್ನು 'ಅತಿಥಿಯ ಅಭಿಪ್ರಾಯ' ಎಂದು ವಾಹಿನಿ ಹೇಳಲಾಗುವುದಿಲ್ಲ.